ವಾರಾಂತ್ಯದ ಶಟಲ್ ಮತ್ತು ಹಿಮ್ಮಡಿಯ ಹಿಂದಿನ ನೋವು

ಪ್ರಶ್ನೆ: ನನಗೆ 42 ವರ್ಷ, ಬ್ಯಾಂಕ್ ಉದ್ಯೋಗಿ. ಶನಿವಾರ ಮತ್ತು ಭಾನುವಾರ ಬೆಳಗ್ಗೆ ಎರಡೆರಡು ಗಂಟೆ ಶಟಲ್ ಆಡುತ್ತೇನೆ. ಮೂರು ತಿಂಗಳಿಂದ ಬಲಗಾಲಿನ ಹಿಮ್ಮಡಿಯ ಹಿಂದೆ, ಸ್ವಲ್ಪ ಮೇಲಕ್ಕೆ ನೋವಿದೆ. ಬೆಳಗ್ಗೆ ಮಂಚದಿಂದ ಇಳಿದರೆ ಹತ್ತು ಹೆಜ್ಜೆ ಕುಂಟಬೇಕು, ಆಮೇಲೆ ಸರಿಹೋಗುತ್ತದೆ. ಮೂರು ವಾರ ಆಟ ಬಿಟ್ಟಾಗ ನೋವು ಹೋಗಿತ್ತು, ಮತ್ತೆ ಆಡಿದ ಮರುದಿನವೇ ಬಂತು. ಮುಟ್ಟಿದರೆ ಅಲ್ಲಿ ಸಣ್ಣ ಗಂಟು ಸಿಗುತ್ತದೆ. ನಮ್ಮ ಗುಂಪಿನ ಒಬ್ಬರಿಗೆ ಹೋದ ವರ್ಷ ಇದೇ ಜಾಗದಲ್ಲಿ ನರ ಹರಿದಿತ್ತು, ಮೊದಲು ಉಳುಕು ಎಂದು ಹೇಳಿ ಕಳಿಸಿದ್ದರಂತೆ. ನನ್ನದೂ ಹರಿಯುತ್ತದೆಯೇ? ಹರಿದರೆ ತಿಳಿಯುವುದು ಹೇಗೆ? ಇಂಜೆಕ್ಷನ್ ಹಾಕಿಸಿಕೊಂಡರೆ ಸರಿಹೋಗುವುದೇ?

ಉತ್ತರ: ಮಾತಿನಲ್ಲಿ ನಾವೆಲ್ಲರೂ ಇದನ್ನು ನರ ಎನ್ನುತ್ತೇವೆ. ವಾಸ್ತವದಲ್ಲಿ ಇದು ನರವಲ್ಲ, ಸ್ನಾಯುರಜ್ಜು. ಮೀನಖಂಡದ ಎರಡು ದೊಡ್ಡ ಸ್ನಾಯುಗಳು ಕೆಳಗಿಳಿಯುತ್ತಾ ಒಂದಾಗಿ, ಸುಮಾರು 15 ಸೆಂಟಿಮೀಟರ್ ಉದ್ದದ ಗಟ್ಟಿಯಾದ ಹಗ್ಗದಂತಾಗಿ ಹಿಮ್ಮಡಿಯ ಮೂಳೆಯನ್ನು ಹಿಡಿಯುತ್ತವೆ. ಇದೇ ಅಕಿಲಿಸ್ ಟೆಂಡನ್. ಓಡುವಾಗ ಮತ್ತು ಜಿಗಿಯುವಾಗ ಈ ಹಗ್ಗದ ಮೇಲೆ ದೇಹದ ತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಶಟಲ್ ಆಟದಲ್ಲಿ ಹಿಂದಕ್ಕೆ ಹೋಗಿ ಸ್ಮ್ಯಾಶ್ ಹೊಡೆದು, ಆ ಕಾಲನ್ನೇ ಊರಿ ಥಟ್ಟನೆ ಮುಂದಕ್ಕೆ ನುಗ್ಗುವ ಕ್ಷಣ ಅದಕ್ಕೆ ಅತ್ಯಂತ ಕಠಿಣವಾದದ್ದು, ಏಕೆಂದರೆ ಆಗ ಸ್ನಾಯು ಉದ್ದವಾಗುತ್ತಿರುವಾಗಲೇ ಬಲವಾಗಿ ಸಂಕುಚಿಸಬೇಕಾಗುತ್ತದೆ.

ನೀವು ವಿವರಿಸಿರುವ ಚಿತ್ರ ಸಾಕಷ್ಟು ಸ್ಪಷ್ಟವಾಗಿದೆ. ನೋವು ನಿಧಾನವಾಗಿ ಶುರುವಾಗಿದೆ, ಬೆಳಗಿನ ಮೊದಲ ಹೆಜ್ಜೆಗಳಲ್ಲಿ ಬಿಗಿತವಿದೆ, ನಡೆದಾಗ ಸಡಿಲಾಗುತ್ತದೆ, ಆಟದ ಮರುದಿನ ಹೆಚ್ಚುತ್ತದೆ, ಮುಟ್ಟಿದರೆ ಗಂಟು ಸಿಗುತ್ತದೆ. ಆದರೂ ಒಂದು ವಿಷಯವನ್ನು ನೀವೇ ಖಚಿತಪಡಿಸಿಕೊಳ್ಳಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಈ ರಜ್ಜನ್ನು ಹಿಡಿದು ಹಿಮ್ಮಡಿಯ ಮೂಳೆಯಿಂದ ಮೇಲಕ್ಕೆ ಮೆಲ್ಲಗೆ ಹಿಂಡುತ್ತಾ ಹೋಗಿ. ಅತಿ ಹೆಚ್ಚು ನೋವು ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ಸಿಕ್ಕರೆ ಅದು ರಜ್ಜಿನ ನಡುಭಾಗದ ತೊಂದರೆ. ಗಂಟು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ರಜ್ಜು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲೇ ನೋವಿದ್ದರೆ ಅದು ಬುಡದ ತೊಂದರೆ, ಅದರ ವ್ಯಾಯಾಮ ಸ್ವಲ್ಪ ಬೇರೆ. ನಿಮ್ಮ ಮಾತಿನಿಂದ ನಿಮ್ಮದು ನಡುಭಾಗದ್ದು ಎಂದೇ ತೋರುತ್ತದೆ.

ಈ ಸ್ಥಿತಿಯಲ್ಲಿ ರಜ್ಜಿನೊಳಗೆ ಆಗಿರುವುದು ಬರೀ ಉರಿಯೂತವಲ್ಲ. ಸಾಲಾಗಿ ಒತ್ತಾಗಿ ಜೋಡಿಸಿಟ್ಟಂತೆ ಇರಬೇಕಾದ ಎಳೆಗಳು ಕ್ರಮ ತಪ್ಪುತ್ತವೆ, ನಡುವೆ ನೀರಿನಂಶ ಹೆಚ್ಚಿ ಆ ಭಾಗ ದಪ್ಪಗಾಗುತ್ತದೆ. ನಿಮ್ಮ ಕೈಗೆ ಸಿಗುತ್ತಿರುವ ಗಂಟು ಅದೇ. ವಿಶ್ರಾಂತಿ ತೆಗೆದುಕೊಂಡರೆ ನೋವು ತಣ್ಣಗಾಗುತ್ತದೆ, ಆದರೆ ಎಳೆಗಳ ಬಲ ಮರಳುವುದಿಲ್ಲ. ಮೂರು ವಾರ ಕೆಲಸವಿಲ್ಲದ ಸ್ನಾಯುವೂ ರಜ್ಜೂ ಇನ್ನಷ್ಟು ಸೊರಗಿರುತ್ತವೆ. ಹಾಗೆ ಸೊರಗಿದ ಕಾಲನ್ನು ನೀವು ಹಳೆಯ ವೇಗದ ಎರಡು ಗಂಟೆಯ ಆಟಕ್ಕೆ ನೇರವಾಗಿ ಇಳಿಸಿದ್ದರಿಂದ ಮರುದಿನವೇ ನೋವು ಬಂತು.

ಈಗ ನಿಮ್ಮ ಮೊದಲ ಆತಂಕಕ್ಕೆ ಬರುತ್ತೇನೆ. ನೋಯುವ ರಜ್ಜೆಲ್ಲ ಹರಿಯುವುದಿಲ್ಲ; ನಿಮ್ಮಂಥ ನೋವಿರುವವರಲ್ಲಿ ಬಹುಪಾಲು ಜನರಿಗೆ ಅದು ಎಂದೂ ಹರಿಯುವುದಿಲ್ಲ. ವಿಚಿತ್ರವೆಂದರೆ, ಹರಿದುಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಅದಕ್ಕೂ ಮುಂಚೆ ಅಲ್ಲಿ ನೋವೇ ಇರುವುದಿಲ್ಲ. ಅಂದರೆ ನೋವು ಹರಿಯುವಿಕೆಯ ಮುನ್ಸೂಚನೆಯಲ್ಲ, ನೋವಿಲ್ಲ ಎನ್ನುವುದು ರಕ್ಷಣೆಯೂ ಅಲ್ಲ. ಹರಿಯುವುದು ಸಾಮಾನ್ಯವಾಗಿ 30ರಿಂದ 50 ವರ್ಷದೊಳಗಿನ, ವಾರವಿಡೀ ಕುರ್ಚಿಯಲ್ಲಿ ಕುಳಿತು ರಜಾದಿನ ಮೈದಾನಕ್ಕಿಳಿಯುವ ಗಂಡಸರಲ್ಲಿ. ಆದ್ದರಿಂದ ಹರಿದಾಗ ಏನಾಗುತ್ತದೆ ಎಂಬುದು ನಿಮಗೆ ಮಾತ್ರವಲ್ಲ, ನಿಮ್ಮ ಜೊತೆ ಆಡುವ ಎಲ್ಲರಿಗೂ ತಿಳಿದಿರಬೇಕು.

ನನ್ನ ಬಳಿ ಬಂದ ಒಬ್ಬ ಪ್ರೌಢಶಾಲಾ ಶಿಕ್ಷಕರ ಸಂಗತಿಯನ್ನೇ ಹೇಳುತ್ತೇನೆ. ವಯಸ್ಸು 44. ಭಾನುವಾರದ ಆಟದಲ್ಲಿ ನೆಟ್ ಹತ್ತಿರ ಬಿದ್ದ ಶಟಲ್ ಎತ್ತಲು ಎಡಗಾಲನ್ನು ಒತ್ತಿ ಮುಂದೆ ನುಗ್ಗಿದಾಗ ಹಿಂದಿನಿಂದ ಯಾರೋ ಹಿಮ್ಮಡಿಯ ಮೇಲೆ ಒದ್ದಂತಾಯಿತು. ಜೊತೆಯಾಟಗಾರನ ರ‍್ಯಾಕೆಟ್ ತಗುಲಿತು ಎಂದುಕೊಂಡು ತಿರುಗಿ ನೋಡಿದರೆ ಅವನು ನಾಲ್ಕು ಮಾರು ದೂರದಲ್ಲಿದ್ದ. 'ಟಪ್' ಎಂಬ ಸದ್ದು ಪಕ್ಕದ ಅಂಕಣದವರಿಗೂ ಕೇಳಿಸಿತ್ತು. ಮೊದಲ ಕ್ಷಣದ ತೀವ್ರ ನೋವು ಕೆಲವೇ ನಿಮಿಷಗಳಲ್ಲಿ ಇಳಿಯಿತು. ಅವರು ಎದ್ದು, ಪಾದವನ್ನು ಚಪ್ಪಟೆಯಾಗಿ ಊರಿಕೊಂಡು ಸ್ಕೂಟರ್‌ವರೆಗೆ ನಡೆದರು. ಸಂಜೆ ಹತ್ತಿರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ನಡೆಯುತ್ತಿದ್ದೀರಿ, ಪಾದವನ್ನು ಕೆಳಗೆ ಒತ್ತಲೂ ಬರುತ್ತಿದೆ, ಆದ್ದರಿಂದ ಉಳುಕು ಎಂದು ಹೇಳಿ ಬ್ಯಾಂಡೇಜ್ ಸುತ್ತಿ ಕಳಿಸಿದರು. ಮನೆಯಲ್ಲಿ ಎಣ್ಣೆ ಹಚ್ಚಿ ನೀವಿದರು. ನೋವು ಹೋಯಿತು, ಆದರೆ ಮೆಟ್ಟಿಲು ಹತ್ತಲು ಆ ಕಾಲಿನಲ್ಲಿ ಬಲವೇ ಬರಲಿಲ್ಲ. ನನ್ನ ಬಳಿ ಬಂದಾಗ ಐದು ವಾರ ಕಳೆದಿತ್ತು. ರಜ್ಜು ಪೂರ್ತಿ ಹರಿದು, ಮೇಲಿನ ತುದಿ ಮೀನಖಂಡದ ಕಡೆಗೆ ಸರಿದುಹೋಗಿತ್ತು. ಮೊದಲ ವಾರದಲ್ಲೇ ಗೊತ್ತಾಗಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೂಡಿಸಬಹುದಾಗಿದ್ದ ಗಾಯಕ್ಕೆ, ಆಗ ಕಾಲಿನ ಹೆಬ್ಬೆರಳನ್ನು ಮಡಚುವ ಸ್ನಾಯುವಿನ ರಜ್ಜನ್ನು ತಂದು ಕಸಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಯಿತು.

ಇಲ್ಲಿ ಎರಡು ತಪ್ಪು ಸಮಾಧಾನಗಳಿದ್ದವು. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಹರಿದ ರಜ್ಜು ಅದರಲ್ಲಿ ನೇರವಾಗಿ ಕಾಣುವುದಿಲ್ಲ. ಇನ್ನು ನಡೆಯಲು ಬರುತ್ತದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಬೆರಳುಗಳನ್ನು ಮಡಚುವ ಸ್ನಾಯುಗಳು ಮತ್ತು ಪಾದದ ಕೀಲಿನ ಎರಡೂ ಬದಿಯಲ್ಲಿ ಇಳಿಯುವ ಸ್ನಾಯುಗಳು ಸೇರಿ ಪಾದವನ್ನು ಒಂದಿಷ್ಟು ಕೆಳಕ್ಕೆ ಒತ್ತಬಲ್ಲವು, ಹೀಗಾಗಿ ಅಕಿಲಿಸ್ ಪೂರ್ತಿ ತುಂಡಾದವರೂ ಹೆಜ್ಜೆ ಇಡುತ್ತಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ 2013ರ ಏಪ್ರಿಲ್‌ನಲ್ಲಿ ಪಂದ್ಯದ ನಡುವೆ ಈ ರಜ್ಜು ಹರಿದ ಮೇಲೂ ಅಂಕಣಕ್ಕೆ ಮರಳಿ, ನಿಂತು ಎರಡು ಫ್ರೀ ಥ್ರೋ ಹಾಕಿ, ನಡೆದುಕೊಂಡೇ ಹೊರಗೆ ಹೋದರು. ನಡೆಯಬಲ್ಲವರ ರಜ್ಜು ಹರಿದಿರಲಾರದು ಎನ್ನುವವರಿಗೆ ನಾನು ಈ ಪ್ರಸಂಗವನ್ನು ನೆನಪಿಸುತ್ತೇನೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಇದಕ್ಕೆ ಯಂತ್ರ ಬೇಡ. ಗಾಯಗೊಂಡವರನ್ನು ಮಂಚದ ಮೇಲೆ ಬೋರಲಾಗಿ ಮಲಗಿಸಿ, ಎರಡೂ ಪಾದಗಳು ಅಂಚಿನಾಚೆ ಇಳಿಬೀಳುವಂತೆ ಮಾಡಿ. ಅವರು ಕಾಲನ್ನು ಪೂರ್ತಿ ಸಡಿಲ ಬಿಡಬೇಕು. ಮೊದಲು ಒಳ್ಳೆಯ ಕಾಲಿನ ಮೀನಖಂಡವನ್ನು ಅಂಗೈ ತುಂಬ ಹಿಡಿದು ಹಿಂಡಿ: ಪಾದ ತಾನಾಗಿ ಕೆಳಮುಖವಾಗಿ ಚಾಚಿಕೊಳ್ಳುತ್ತದೆ. ಅನಂತರ ಗಾಯದ ಕಾಲನ್ನು ಹಾಗೆಯೇ ಹಿಂಡಿ. ಪಾದ ಅಲುಗದಿದ್ದರೆ, ಅಥವಾ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಕಡಿಮೆ ಅಲುಗಿದರೆ, ರಜ್ಜು ಹರಿದಿದೆ ಎಂದೇ ತಿಳಿದು ನಡೆದುಕೊಳ್ಳಬೇಕು. ವೈದ್ಯರು ಇದನ್ನು ಥಾಂಪ್ಸನ್ ಪರೀಕ್ಷೆ ಎನ್ನುತ್ತಾರೆ. ಅದೇ ಭಂಗಿಯಲ್ಲಿ ಎರಡೂ ಮಂಡಿಗಳನ್ನು 90 ಡಿಗ್ರಿ ಮಡಚಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ: ಒಳ್ಳೆಯ ಪಾದದ ತುದಿ ಸ್ವಲ್ಪ ಮೇಲ್ಮುಖವಾಗಿ ಚಾಚಿ ನಿಲ್ಲುತ್ತದೆ, ಹರಿದ ಕಡೆಯ ಪಾದ ಜೋತುಬಿದ್ದು ನೆಲಕ್ಕೆ ಸಮಾನಾಂತರವಾಗುತ್ತದೆ. ಮೊದಲ ಗಂಟೆಗಳಲ್ಲಿ ರಜ್ಜಿನ ಉದ್ದಕ್ಕೂ ಬೆರಳಾಡಿಸಿದರೆ ಒಂದೆಡೆ ಹಳ್ಳ ಸಿಗಬಹುದು, ಆದರೆ ಊತ ಬಂದ ಮೇಲೆ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಹಳ್ಳ ಸಿಗಲಿಲ್ಲ ಎಂದು ನೆಮ್ಮದಿಪಡಬಾರದು. ಪರೀಕ್ಷೆಯಲ್ಲಿ ಪಾದ ಚೆನ್ನಾಗಿಯೇ ಅಲುಗಿದರೂ, 'ಟಪ್' ಎಂಬ ಅನುಭವ ಆಗಿದ್ದು ಒಂಟಿ ಕಾಲಿನ ತುದಿಯಲ್ಲಿ ನಿಲ್ಲಲಾಗದಿದ್ದರೆ, ವೈದ್ಯರಿಗೆ ತೋರಿಸಲೇಬೇಕು. ಮನೆಯವರ ಕೈ ತಜ್ಞರ ಕೈಯಲ್ಲ.

ಅನುಮಾನ ಬಂದ ಕೂಡಲೇ ಮಾಡಬೇಕಾದದ್ದು ಸರಳ. ಆ ಕಾಲಿನ ಮೇಲೆ ಭಾರ ಹಾಕಬೇಡಿ, ನೀವಬೇಡಿ, ಎಳೆದು ಹಿಗ್ಗಿಸಬೇಡಿ. ಬೆರಳ ತುದಿ ಕೆಳಮುಖವಾಗಿರುವಂತೆ ಪಾದವನ್ನು ದಿಂಬಿನ ಮೇಲಿಟ್ಟು ಹಾಗೆಯೇ ಕಟ್ಟಿಸಿ, ಏಕೆಂದರೆ ಆ ಭಂಗಿಯಲ್ಲಿ ಹರಿದ ಎರಡು ತುದಿಗಳು ಹತ್ತಿರ ಬರುತ್ತವೆ. ಅದೇ ದಿನ, ತಪ್ಪಿದರೆ ಮರುದಿನ, ಮೂಳೆ ತಜ್ಞರನ್ನು ಕಾಣಿ. ಅವರಿಗೆ ಸಂದೇಹವಿದ್ದರೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಹರಿದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ನಾರ್ವೆಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮತ್ತು ಮಾಡಿಸಿಕೊಳ್ಳದವರ ಕಾಲಿನ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಮತ್ತೆ ಹರಿದುಕೊಂಡವರು ಮಾತ್ರ ಶಸ್ತ್ರಚಿಕಿತ್ಸೆ ಇಲ್ಲದ ಗುಂಪಿನಲ್ಲಿ ನೂರಕ್ಕೆ ಆರು, ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ನರಕ್ಕೆ ಪೆಟ್ಟಾಗುವುದು ಶಸ್ತ್ರಚಿಕಿತ್ಸೆಯಾದವರಲ್ಲಿ ಹೆಚ್ಚು. ಮಧುಮೇಹವಿದ್ದವರಲ್ಲಿ, ಧೂಮಪಾನ ಮಾಡುವವರಲ್ಲಿ ಗಾಯ ಮಾಯುವುದು ಕಷ್ಟವಾದ್ದರಿಂದ ಈ ಆಯ್ಕೆ ಇನ್ನಷ್ಟು ತೂಗಿ ನೋಡಬೇಕಾದದ್ದು. ಯಾವ ದಾರಿ ಹಿಡಿದರೂ ಮೊದಲ ಕೆಲವು ದಿನಗಳಲ್ಲೇ ಪಾದವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡಬೇಕು. ಮತ್ತೊಂದು ಎಚ್ಚರಿಕೆ: ಕಾಲು ಕಟ್ಟಿಸಿಕೊಂಡ ವಾರಗಳಲ್ಲಿ ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯವಿದೆ. ಮೀನಖಂಡ ಬಿಗಿದು ಊದಿಕೊಂಡರೆ ಅಂದೇ ವೈದ್ಯರನ್ನು ಕಾಣಬೇಕು, ಉಸಿರು ಕಟ್ಟಿದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು.

ನಿಮ್ಮ ಕಾಲಿಗೆ ಇದ್ಯಾವುದೂ ಆಗಿಲ್ಲ. ನಿಮಗೆ ಬೇಕಾದದ್ದು ರಜ್ಜಿಗೆ ಲೆಕ್ಕ ಹಾಕಿ ಕೊಡುವ ಭಾರ. ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು 12 ವಾರ ಮಾಡಿಸಿ, ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದವರನ್ನೇ ಮತ್ತೆ ಓಡುವಂತೆ ಮಾಡಿದ್ದನ್ನು ವರದಿ ಮಾಡಿದರು. ಅವರ ಕ್ರಮದಲ್ಲಿ ದಿನಕ್ಕೆ ಎರಡು ಹೊತ್ತು, ಒಟ್ಟು 180 ಬಾರಿ ಇಳಿಸಬೇಕು. ಕೆಲಸಕ್ಕೆ ಹೋಗುವವರು ಅದನ್ನು ಎರಡನೇ ವಾರಕ್ಕೇ ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ. ವಾರಕ್ಕೆ ಮೂರೇ ದಿನ, ಹೆಚ್ಚು ತೂಕದೊಂದಿಗೆ, ತುಂಬ ನಿಧಾನವಾಗಿ ಮಾಡುವ ಕ್ರಮವೂ ಅಷ್ಟೇ ಫಲ ಕೊಡುತ್ತದೆಂದು 2015ರ ಡೆನ್ಮಾರ್ಕಿನ ಅಧ್ಯಯನವೊಂದು ತೋರಿಸಿದೆ. ನಾನು ನಿಮಗೆ ಹೇಳುವುದು ಅದರ ಸರಳ ರೂಪ.

ಮೊದಲ ಎರಡು ವಾರ ನೆಲದ ಮೇಲೆಯೇ, ಗೋಡೆಗೆ ಬೆರಳು ತಾಗಿಸಿಕೊಂಡು ನಿಂತು, ಎರಡೂ ಹಿಮ್ಮಡಿಗಳನ್ನು ಎತ್ತಿ ಇಳಿಸಿ. ಮೂರು ಎಣಿಸುವಷ್ಟು ಹೊತ್ತು ಏರಬೇಕು, ಮೂರು ಎಣಿಸುವಷ್ಟು ಹೊತ್ತು ಇಳಿಯಬೇಕು. ಹೀಗೆ 15 ಬಾರಿ, ಎರಡು ನಿಮಿಷ ಬಿಟ್ಟು ಮತ್ತೆ 15, ಒಟ್ಟು ಮೂರು ಸುತ್ತು. ಇದು ಸಲೀಸಾದಾಗ ಮೆಟ್ಟಿಲಿನ ಅಂಚಿಗೆ ಹೋಗಿ, ಎರಡೂ ಕಾಲಿನಿಂದ ಏರಿ ನೋವಿನ ಕಾಲೊಂದರಿಂದ ಇಳಿಯಿರಿ. ಅದೂ ಸಲೀಸಾದರೆ ಏರುವುದೂ ಇಳಿಯುವುದೂ ಆ ಕಾಲೊಂದರಿಂದಲೇ ಆಗಲಿ. ಅನಂತರ ಬೆನ್ನಿನ ಬ್ಯಾಗಿನಲ್ಲಿ ಐದು ಕಿಲೋ ಅಕ್ಕಿ ಹಾಕಿಕೊಂಡು ಎಂಟು ಹತ್ತು ಬಾರಿಯ ನಾಲ್ಕು ಸುತ್ತು, ಮುಂದೆ ಹಾಗೆಯೇ ತೂಕ ಹೆಚ್ಚಿಸುತ್ತಾ ಹೋಗಿ. ಕೆಲವು ಸುತ್ತುಗಳನ್ನು ಮಂಡಿ ನೇರವಿಟ್ಟು, ಕೆಲವನ್ನು ಸ್ವಲ್ಪ ಮಡಚಿ ಮಾಡಬೇಕು, ಏಕೆಂದರೆ ಮೀನಖಂಡದ ಒಳಪದರದ ಸ್ನಾಯು ಹೆಚ್ಚಾಗಿ ದುಡಿಯುವುದು ಮಂಡಿ ಮಡಚಿದಾಗ. ನೋವು ಮೂಳೆಯ ಬುಡದಲ್ಲಿರುವವರು ಮಾತ್ರ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು, ನೆಲದ ಮೇಲೆಯೇ ಮಾಡಬೇಕು. ಹಾಗೆ ಇಳಿಸಿದಾಗ ರಜ್ಜು ಮೂಳೆಗೆ ಒತ್ತಿಕೊಳ್ಳುತ್ತದೆ. ಹಿಮ್ಮಡಿಯೂರಿ ಕುಕ್ಕರಗಾಲಿನಲ್ಲಿ ಕುಳಿತಾಗಲೂ ಅದೇ ಆಗುವುದರಿಂದ ಅಂಥವರು ಕೆಲವು ತಿಂಗಳು ಅದನ್ನು ತಪ್ಪಿಸುವುದು ಒಳ್ಳೆಯದು.

ನೋವಾದರೆ ನಿಲ್ಲಿಸಬೇಕೆ? ಇಲ್ಲ. ಹತ್ತು ಅಂಕಕ್ಕೆ ಐದರವರೆಗಿನ ನೋವು ವ್ಯಾಯಾಮದ ವೇಳೆ ಇರಬಹುದು. ತೀರ್ಪು ಹೇಳುವುದು ಮರುದಿನ ಬೆಳಗ್ಗೆ: ಮಂಚದಿಂದ ಇಳಿದಾಗಿನ ಬಿಗಿತ ಎಂದಿನಷ್ಟೇ ಅಥವಾ ಕಡಿಮೆ ಇದ್ದರೆ ಭಾರ ಸರಿಯಾಗಿತ್ತು, ಹತ್ತು ಹೆಜ್ಜೆಯ ಕುಂಟು ಇಪ್ಪತ್ತಾದರೆ ಹಿಂದಿನ ಹಂತಕ್ಕೆ ಮರಳಿ. ಈ ಅವಧಿಯಲ್ಲಿ ನಡಿಗೆ, ಸೈಕಲ್, ಈಜು ಯಾವುದನ್ನೂ ಬಿಡಬೇಕಿಲ್ಲ, ಜಿಗಿತ ಮತ್ತು ವೇಗದ ಓಟ ಮಾತ್ರ ಬೇಡ. ಮನೆಯೊಳಗೆ ಬರಿಗಾಲಿನ ಬದಲು ಹಿಮ್ಮಡಿ ಸ್ವಲ್ಪ ಎತ್ತರವಿರುವ ಚಪ್ಪಲಿ ಹಾಕಿಕೊಂಡರೆ ಮೊದಲ ವಾರಗಳು ಹಗುರಾಗುತ್ತವೆ. ಗಂಟು ಕರಗಲಿಲ್ಲ ಎಂದು ಬೇಸರಪಡಬೇಡಿ. ನೋವು ಹೋಗಿ ಬಲ ಬಂದ ಮೇಲೂ ಅದು ಬಹಳ ಕಾಲ ಉಳಿಯಬಹುದು.

ಇಂಜೆಕ್ಷನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಸ್ಟಿರಾಯ್ಡ್ ಅನ್ನು ಈ ರಜ್ಜಿನೊಳಕ್ಕೆ ಚುಚ್ಚಿಸಿಕೊಳ್ಳಬೇಡಿ. ಅದು ಕೆಲವು ವಾರ ನೋವನ್ನು ಅಡಗಿಸಬಹುದು, ಆದರೆ ಎಳೆಗಳನ್ನು ದುರ್ಬಲಗೊಳಿಸುತ್ತದೆ, ಅದೇ ವೇಳೆ ನೋವಿಲ್ಲದ ಧೈರ್ಯದಿಂದ ನೀವು ಪೂರ್ತಿ ವೇಗದಲ್ಲಿ ಆಡುತ್ತೀರಿ. ಇದಕ್ಕಿಂತಲೂ ಕಡಿಮೆ ಜನರಿಗೆ ತಿಳಿದಿರುವ ಸಂಗತಿ ಮಾತ್ರೆಗಳದ್ದು. ಮೂತ್ರದ ಸೋಂಕಿಗೆ, ಭೇದಿಗೆ ನಮ್ಮಲ್ಲಿ ಚೀಟಿಯಿಲ್ಲದೆಯೂ ತೆಗೆದುಕೊಳ್ಳುವ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪಿನ ಔಷಧಗಳು ಅಕಿಲಿಸ್ ರಜ್ಜನ್ನು ನೋಯಿಸಬಲ್ಲವು, ಹರಿಸಲೂಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಮುದ್ರಿಸಬೇಕೆಂದು ಹೇಳಿತು. ಮೂರು ತಿಂಗಳ ಹಿಂದೆ, ನೋವು ಶುರುವಾಗುವ ಮುನ್ನ, ಇಂಥದ್ದೇನಾದರೂ ನುಂಗಿದ್ದಿರಾ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಎರಡೂ ಕಾಲಿನ ರಜ್ಜು ದಪ್ಪಗಾಗಿದ್ದು ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದರೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಕು, ಏಕೆಂದರೆ ವಂಶವಾಹಿ ಕೊಲೆಸ್ಟ್ರಾಲ್ ತೊಂದರೆ ಕೆಲವೊಮ್ಮೆ ಮೊದಲು ತೋರುವುದು ಈ ಜಾಗದಲ್ಲಿ. ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಇದ್ದು ಬೆನ್ನೂ ಹಿಡಿದುಕೊಳ್ಳುತ್ತಿದ್ದರೆ ಸಂಧಿವಾತದ ತಜ್ಞರನ್ನು ಕಾಣಬೇಕು.

ಮತ್ತೆ ಅಂಕಣಕ್ಕೆ ಯಾವಾಗ? ಬಲಗಾಲಿನ ಮೇಲೆ ಮಾತ್ರ ನಿಂತು, ಎಡಗಾಲು ಎಷ್ಟು ಬಾರಿ ಹಿಮ್ಮಡಿ ಎತ್ತಬಲ್ಲದೋ ಹೆಚ್ಚುಕಡಿಮೆ ಅಷ್ಟೇ ಬಾರಿ, ಅಷ್ಟೇ ಎತ್ತರಕ್ಕೆ ಎತ್ತಲು ಸಾಧ್ಯವಾದಾಗ, ಮತ್ತು ಒಂಟಿ ಕಾಲಿನಲ್ಲಿ ಹತ್ತು ಬಾರಿ ಕುಪ್ಪಳಿಸಿದ ಮರುದಿನ ಬೆಳಗ್ಗೆ ಬಿಗಿತ ಹೆಚ್ಚದಿದ್ದಾಗ. ಸಾಮಾನ್ಯವಾಗಿ ಇದಕ್ಕೆ ಮೂರು ತಿಂಗಳು ಹಿಡಿಯುತ್ತದೆ, ಆರಾದರೂ ಅಚ್ಚರಿಯಿಲ್ಲ. ಆಗಲೂ ನಿಮ್ಮ ವಾರದ ವೇಳಾಪಟ್ಟಿ ಬದಲಾಗಲೇಬೇಕು. ಕಠಿಣ ಆಟದ ನಂತರದ ಮೊದಲ ಒಂದೂವರೆ ದಿನ ರಜ್ಜಿನಲ್ಲಿ ಎಳೆಗಳ ಸವೆತ ಹೊಸ ಎಳೆಗಳ ನಿರ್ಮಾಣಕ್ಕಿಂತ ಹೆಚ್ಚಿರುತ್ತದೆ, ಗಳಿಕೆ ಶುರುವಾಗುವುದು ಆಮೇಲೆ. ಐದು ದಿನ ಕುಳಿತು, ಶನಿವಾರ ಸವೆಸಿ, ಅದು ಚೇತರಿಸಿಕೊಳ್ಳುವ ಮುನ್ನವೇ ಭಾನುವಾರ ಮತ್ತೆ ಸವೆಸುವುದೇ ನಿಮ್ಮ ನೋವಿನ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಭಾನುವಾರದ ಆಟವನ್ನು ಬುಧವಾರ ಸಂಜೆಗೆ ಸರಿಸಿಕೊಳ್ಳಿ. ಮೊದಲ ಎರಡು ವಾರ ಪಂದ್ಯ ಬೇಡ, ಅರ್ಧ ಗಂಟೆ ನಿಂತಲ್ಲೇ ಹೊಡೆದಾಟ ಸಾಕು. ಮುಂದಿನ ಎರಡು ವಾರ ಡಬಲ್ಸ್ ಒಂದೊಂದೇ ಗೇಮ್. ಸಿಂಗಲ್ಸ್ ಅದರ ನಂತರ. ಹಿಮ್ಮಡಿ ಎತ್ತುವ ವ್ಯಾಯಾಮ ಮಾತ್ರ, ನೋವು ಪೂರ್ತಿ ಹೋದ ಮೇಲೂ, ಆಡುವಷ್ಟು ಕಾಲ ವಾರಕ್ಕೆ ಎರಡು ದಿನ ನಡೆಯುತ್ತಿರಲಿ.